ಅಪ್ರಕಟಿತ

ಜರ್ನಲ್ ಸಂಪಾದಕರು ಸಂಶೋಧಕಿಯ ಪ್ರಬಂಧವನ್ನು ತಿರಸ್ಕರಿಸಿದ ಮರುದಿನವೇ ಅವಳ ಗೈಡ್ ಬೇರೊಂದು ಜರ್ನಲ್ ಹುಡುಕಿಟ್ಟಿದ್ದರು.

"ಮುಖ ಸಪ್ಪಗೆ ಮಾಡ್ಕೊಂಡು ಕೂರ್ಬೇಡಮ್ಮ. ರೆಫರೆನ್ಸ್ ಪಟ್ಟಿನ ಅವರ ನಮೂನೆಗೆ ತಿರುಗಿಸು, ಕಳಿಸಿಬಿಡೋಣ."

ಆಧಾರ ಲೇಖನಗಳನ್ನು ಸೂಚಿಸಲು ಹಳೆಯ ಜರ್ನಲ್‌ಗೆ ಅವುಗಳ ಲೇಖಕರ ಹೆಸರು, ವರ್ಷ ಬೇಕಿತ್ತು. ಹೊಸದಕ್ಕೆ ಬರೀ ಅಂಕಿ, ಅದೂ ಪ್ರಬಂಧದಲ್ಲಿ ಬಂದ ಕ್ರಮದಲ್ಲೇ. ತಂತ್ರಾಂಶ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಬದಲಿಸಿತಾದರೂ ಜರ್ನಲ್‌ಗಳ ಹೆಸರನ್ನು ಕೆಲವೆಡೆ ಮೊಟಕುಮಾಡಿ, ಕೆಲವೆಡೆ ಹಾಗೇ ಬಿಟ್ಟಿತ್ತು. ಸಂಶೋಧಕಿ ಒಂದೊಂದನ್ನೇ ತಿದ್ದುತ್ತ ಬಂದು ಅಣ್ಣನ ಹೆಸರಿನ ಬಳಿ ನಿಂತಳು. ಮುಂದೆ 'ಅಪ್ರಕಟಿತ' ಎಂದಿತ್ತು.

ಇಡೀ ಲ್ಯಾಬ್ ಅವನನ್ನು ಅಣ್ಣ ಎಂದೇ ಕರೆಯುತ್ತಿತ್ತು. ಬಿಸಿಲಿಗೆ ಕಾದ ಸೆನ್ಸರ್ ನೀರಿನ ಉಪ್ಪಿನಂಶವನ್ನು ತಪ್ಪಾಗಿ ತೋರಿಸುತ್ತಿದ್ದಾಗ ಅದನ್ನು ಸರಿಪಡಿಸುವ ಲೆಕ್ಕ ಕಟ್ಟಿದವನು ಅವನು. ಪ್ರಕಟಿಸುವ ಮೊದಲೇ ಕ್ಯಾನ್ಸರ್ ಅವನನ್ನು ನುಂಗಿತ್ತು. ಅವಳ ಪ್ರಬಂಧ ನಿಂತಿದ್ದೇ ಆ ಲೆಕ್ಕದ ಮೇಲೆ.

ಹೊಸ ಜರ್ನಲ್‌ನ ನಿಯಮ ಸ್ಪಷ್ಟವಾಗಿತ್ತು: ಅಪ್ರಕಟಿತ ಕೆಲಸ ಪಟ್ಟಿಯಲ್ಲಿ ಇರಕೂಡದು. ವಾಕ್ಯದೊಳಗೆ ಹೇಳಬಹುದು, ಕೆಲಸ ಮಾಡಿದವರ ಇಲ್ಲವೇ ಅವರ ಮನೆಯವರ ಲಿಖಿತ ಒಪ್ಪಿಗೆ ಇದ್ದರೆ.

ಅವಳು ಅಣ್ಣನ ಹೆಂಡತಿಯ ಮನೆಗೆ ಹೋದಳು. ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ ಇನ್ನು ಪಟ್ಟಿಲಿ ಅವರ ಹೆಸರೇ ಇರಲ್ವಾ?"

"ಒಳಗೆ ಬ್ರಾಕೆಟ್‌ನಲ್ಲಿ ಇರುತ್ತೆ ಅತ್ತಿಗೆ."

"ಆಸ್ಪತ್ರೆ ಮಂಚದ ಮೇಲೂ ಲ್ಯಾಪ್‌ಟಾಪ್ ಬಿಡ್ಲಿಲ್ಲ ಆ ಮನುಷ್ಯ. ಬ್ರಾಕೆಟ್ಟಿಗೆ ನಾನು ಸೈನ್ ಹಾಕಲ್ಲ. ಲೇಖಕರ ಸಾಲಲ್ಲಿ ಹಾಕ್ಸು."

ಅವಳಿಗೂ ಅದೇ ಸರಿಯೆನಿಸಿತು. ಗೈಡ್ ಮುಂದೆ ಹೋಗಿ ನಿಂತಳು.

"ತೀರಿಕೊಂಡವರನ್ನೂ ಲೇಖಕರಾಗಿ ಸೇರಿಸಬಹುದು ಸರ್. ನಿಯಮ ಓದಿದೀನಿ."

"ಕರಡು ನೋಡದವನು ಲೇಖಕ ಹೇಗಾಗ್ತಾನೆ? ನಾಳೆ ಒಂದು ತಪ್ಪು ಸಿಕ್ಕಿದ್ರೆ ಯಾರನ್ನ ಕೇಳೋದು?" ಗೈಡ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅವನ ಹೆಸರಿರೋ ಆ ವಾಕ್ಯಾನೇ ತೆಗೆದುಬಿಡು. ನಾವು ಹೀಗೆ ಲೆಕ್ಕ ಹಾಕಿದ್ವಿ ಅಂತ ಬರಿ. ನಿನ್ನ ಡಿಗ್ರಿ ಅವಧಿ ಮುಗೀತಾ ಬಂತು, ನೆನಪಿರ್ಲಿ."

ಅವಳು ಬಾಗಿಲೆಳೆದುಕೊಂಡು ಹೊರಬಂದಳು.

ತನ್ನ ಮೇಜಿಗೆ ಮರಳಿ ವಾಕ್ಯವನ್ನು ಅಳಿಸಿದಳು. ಪಟ್ಟಿಯಲ್ಲಿ ಕೆಳಗಿನ ಅಂಕಿಗಳೆಲ್ಲ ಒಂದೊಂದು ಮೆಟ್ಟಿಲು ಮೇಲೇರಿ, ತೆರವಾದ ಜಾಗ ತಾನಾಗಿ ಮುಚ್ಚಿಹೋಯಿತು. ಅಲ್ಲೊಬ್ಬನಿದ್ದ ಎನ್ನಲು ಗುರುತೂ ಉಳಿಯಲಿಲ್ಲ.

ಪ್ರಬಂಧ ಒಪ್ಪಿಗೆಯಾಯಿತು. ಸೆನ್ಸರ್ ತಿದ್ದುವ ಲೆಕ್ಕವೇ ಇದರ ಜೀವಾಳ, ಲೇಖಕರಿಗೆ ಅಭಿನಂದನೆ ಎಂದು ವಿಮರ್ಶಕರೊಬ್ಬರು ಬರೆದಿದ್ದರು. ಗೈಡ್ ಅದನ್ನು ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದರು. ಅವಳು ಚಪ್ಪಾಳೆ ತಟ್ಟಿದಳು.

ಪ್ರಬಂಧ ಅಚ್ಚಾದ ಕೆಲ ವಾರಗಳ ಮೇಲೆ ಅತ್ತಿಗೆ ಫೋನ್ ಮಾಡಿದರು.

"ಬಂತೇನಮ್ಮಾ ಅದು?"

"ಇಲ್ಲ ಅತ್ತಿಗೆ, ಇನ್ನೂ ಬಂದಿಲ್ಲ" ಎಂದಳು.

"ಬಂದಾಗ ಹೇಳು. ಮಗಳಿಗೆ ತೋರಿಸ್ಬೇಕು."

"ಹೂಂ" ಎಂದು ಫೋನ್ ಇಟ್ಟಳು. ಅಂದಿನಿಂದ ಆ ನಂಬರಿನ ಕರೆಯನ್ನು ಅವಳು ಎತ್ತಲಿಲ್ಲ.