ಆರು ಗಂಟೆಯ ಅಳತೆ

ಮೋಕ್ಷಾ ಅಂಗಳ ದಾಟಿ ಓಡಿ ಬರುವಷ್ಟರಲ್ಲಿ ಸುಂದರ ಮಾವ ಪಂಪಿನ ಸ್ವಿಚ್ಚು ಹಾಕಿಯಾಗಿತ್ತು.

"ಮಾವ, ನಿಲ್ಲಿಸಿ! ಆರು ಗಂಟೆ ಆಗ್ಲಿಲ್ಲ!"

"ಎಂತ ಆರು ಗಂಟೆ? ಟ್ಯಾಂಕಿಯಲ್ಲಿ ತೊಟ್ಟು ನೀರಿಲ್ಲ. ಅಪ್ಪನನ್ನು ಮೀಯಿಸ್ಲಿಕ್ಕೆ ನೀರು ಬೇಡ್ವಾ?"

"ಐದೇ ನಿಮಿಷ. ನಾನು ಬಾವಿ ಅಳೀಬೇಕು."

ಸುಂದರ ಅವಳ ಕೈಯಲ್ಲಿದ್ದ ಉಕ್ಕಿನ ಟೇಪು, ಅದರ ತುದಿಗೆ ಕಟ್ಟಿದ್ದ ಕಬ್ಬಿಣದ ನಟ್ಟು, ಇನ್ನೊಂದು ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲವನ್ನೂ ನೋಡಿದ. ರಾತ್ರಿ ಕಾರ್ಕಳದಿಂದ ಬಂದವನು ನಿದ್ದೆ ಮಾಡಿರಲಿಲ್ಲ.

"ಅಕ್ಷಿತಾ," ಎಂದು ತಂಗಿಯನ್ನು ಕರೆದ. "ನಿನ್ನ ಮಗಳನ್ನು ಒಳಗೆ ಕರಿ ಮಾರಾಯ್ತಿ. ಮನೆಯಲ್ಲಿ ಹೆಣ ಉಂಟು, ಇವಳಿಗೆ ಬಾವಿ ಅಳೀಬೇಕಂತೆ."

ಮೋಕ್ಷಾ ಬಾವಿಕಟ್ಟೆಯ ಬಳಿಯೇ ನಿಂತಳು. ಕಟ್ಟೆಯ ಮೇಲೆ ಅಜ್ಜ ಬಳಿದಿದ್ದ ಕೆಂಪು ಬಾಣ ಇನ್ನೂ ಹೊಸದಾಗಿತ್ತು. ಪಂಪು ಗುಂಯ್‌ಗುಡುತ್ತಿತ್ತು. ಕೆಳಗೆ ನೀರು ಇಳಿಯುತ್ತಿರುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಇಳಿಯುತ್ತಿತ್ತು. ಇವತ್ತು ಒಂದು ದಿನವಾದರೂ ಸರಿಯಾಗಿ ಅಳೆಯಬೇಕೆಂದು ಅವಳು ಐದು ಗಂಟೆಗೇ ಎದ್ದು ಕೂತಿದ್ದಳು.

*

ಮಾರ್ಚ್ ಕೊನೆಯಲ್ಲಿ ಮೋಕ್ಷಾಳ ಮಣಿಪಾಲದ ಫ್ಲ್ಯಾಟಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂದಿತ್ತು. ಅಜ್ಜನ ಊರಾದ ಕಾಪುವಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ಫೋನು ಇತ್ತು, ವಾಟ್ಸಾಪಿತ್ತು. ಆದರೂ ಅಜ್ಜ ಎರಡು ಹಾಳೆ ತುಂಬ ಬರೆದಿದ್ದರು.

"ಪ್ರೀತಿಯ ಮೋಕ್ಷಾ, ರಜೆಯಲ್ಲಿ ನೀನು ಇಲ್ಲಿಗೆ ಬರುವಿ. ಕಳೆದ ವರ್ಷ ‘ಬೋರ್’ ಎಂಬ ಶಬ್ದವನ್ನು ನೀನು ದಿನಕ್ಕೆ ಹತ್ತು ಸಲ ಹೇಳಿದ್ದಿ. ಆದ್ದರಿಂದ ಮೂರು ಕೆಲಸ ಯೋಚಿಸಿದ್ದೇನೆ. ಒಂದನ್ನು ಆರಿಸು.

"ಒಂದು, ಟೆರೇಸಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ದಿನವೂ ನಡುಹಗಲಿನ ನೆರಳನ್ನು ಗುರುತಿಸುವುದು. ನಡುಹಗಲು ಅಂದರೆ ಹನ್ನೆರಡು ಗಂಟೆಯಲ್ಲ, ನಮ್ಮಲ್ಲಿ ಹನ್ನೆರಡೂವರೆಯ ಹತ್ತಿರ. ಯಾಕೆಂದು ಹುಡುಕು. ಎಪ್ರಿಲ್ ಕೊನೆಯ ವಾರ ಒಂದು ದಿನ ಕೋಲಿಗೆ ನೆರಳೇ ಇರುವುದಿಲ್ಲ. ಎರಡು, ಕಡಲ ಹೊಯಿಗೆಯನ್ನು ಒಣಗಿಸಿ, ಕಾಗದದ ಮೇಲೆ ಹರಡಿ, ಅಡಿಯಲ್ಲಿ ಅಯಸ್ಕಾಂತ ಆಡಿಸಿ ಕಪ್ಪು ಕಣಗಳನ್ನು ಬೇರೆ ಮಾಡುವುದು. ದೀಪಸ್ತಂಭದ ಬಂಡೆಯ ಬುಡದ್ದು, ಹೊಳೆಬಾಯಿಯದ್ದು ಬೇರೆ ಬೇರೆ ತೂಗು.

"ಮೂರು, ನಮ್ಮ ಬಾವಿ. ಬೆಳಿಗ್ಗೆ ಆರಕ್ಕೆ, ಯಾರೂ ನೀರೆಳೆಯುವ ಮೊದಲು, ಟೇಪಿನ ಸೊನ್ನೆಯ ಕಡೆಯ ಅರ್ಧ ಮೀಟರಿಗೆ ಸೀಮೆಸುಣ್ಣ ಉಜ್ಜು. ನಾನೂರರ ಗೆರೆ ಸರಿಯಾಗಿ ಬಾಣದ ಮೇಲೆ ಬರುವ ಹಾಗೆ ಇಳಿಸು. ಮೇಲೆ ತೆಗೆದರೆ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಕಾಣುತ್ತದೆ. ಹದಿನೆಂಟರವರೆಗೆ ಒದ್ದೆಯಿದ್ದರೆ ನೀರು ಬಾಣದಿಂದ ಮುನ್ನೂರ ಎಂಬತ್ತೆರಡು ಸೆಂಟಿಮೀಟರ್ ಕೆಳಗಿದೆ. ಎರಡು ಸಲ ಅಳೆ. ಎರಡೂ ಹೊಂದದಿದ್ದರೆ ಮೂರನೆಯ ಸಲ. ಹೊಂದುವವರೆಗೆ ಬಿಡಬೇಡ. ಈ ಬಾವಿಯಲ್ಲಿ ಒಂದು ಗುಟ್ಟುಂಟು. ದಿನಾ ಬರೆದವರಿಗೆ ಮಾತ್ರ ಸಿಗುತ್ತದೆ."

ಬಾವಿಯ ಕೆಲಸ ಐದು ನಿಮಿಷದ್ದೆಂದು ಮೋಕ್ಷಾ ಅದನ್ನೇ ಆರಿಸಿದಳು.

ಮೊದಲ ದಿನ ಮುನ್ನೂರ ಎಂಬತ್ತು. ಆಮೇಲೆ ಎಂಬತ್ತೊಂದು, ಎಂಬತ್ತೆರಡು, ಎಂಬತ್ತೆರಡು. ಬೇಸಗೆ, ನೀರು ಇಳಿಯುತ್ತಿದೆ, ಸರಿ. ಐದನೆಯ ದಿನ ಎಂಬತ್ತೊಂದು. ಮೂರು ಸಲ ಅಳೆದಳು. ಎಂಬತ್ತೊಂದೇ. ಆರನೆಯ ದಿನವೂ ಅದೇ.

"ಮಳೆ ಇಲ್ಲದೆ ನೀರು ಏರ್ತದಾ ಅಜ್ಜ? ನಿಮ್ಮ ಟೇಪು ಸರಿ ಇಲ್ಲ."

"ಟೇಪು ಸರಿಯುಂಟು."

"ಹಾಗಾದ್ರೆ ಎಂತ ಇದು? ಹೇಳಿ."

"ಬರಿ, ನೋಡುವಾ," ಎಂದು ಅಜ್ಜ ನಕ್ಕರು.

ಆ ನಗುವಿಗೆ ಅವಳಿಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಹೇಳದವರಿಗಾಗಿ ಆರು ಗಂಟೆಗೆ ಏಳಬೇಕೆ? ಏಳನೆಯ ದಿನದಿಂದ ಎಂಟು ಗಂಟೆಗೆ ಎದ್ದು, ಹಾಸಿಗೆಯಲ್ಲೇ ಕೂತು, ದಿನಕ್ಕೊಂದು ಸೆಂಟಿಮೀಟರ್ ಇಳಿಸುತ್ತ ಬರೆದಳು. ಎಂಬತ್ತೆರಡು, ಎಂಬತ್ತಮೂರು, ಎಂಬತ್ನಾಲ್ಕು. ಹಾಗೆ ಹನ್ನೆರಡು ದಿನ. ಪ್ರತಿದಿನ ತಿಂಡಿಯ ಹೊತ್ತಿಗೆ ಅಜ್ಜ ಕೇಳುತ್ತಿದ್ದರು, "ಇವತ್ತು ಎಷ್ಟು?" ಅವಳು ಹೇಳುತ್ತಿದ್ದಳು. ಅವರು "ಆಯ್ತು" ಎನ್ನುತ್ತಿದ್ದರು. ನಿನ್ನೆ ಬೆಳಿಗ್ಗೆಯೂ ಮುನ್ನೂರ ತೊಂಬತ್ತಮೂರಕ್ಕೆ "ಆಯ್ತು" ಎಂದರು. ಸಂಜೆ ಜಗಲಿಯ ಕುರ್ಚಿಯಿಂದ ಏಳಲೇ ಇಲ್ಲ.

*

ಒಂಬತ್ತರ ಹೊತ್ತಿಗೆ ಜಗಲಿ ತುಂಬಿತ್ತು. ಶಿರ್ವದಿಂದ ಜೆರ್ಟ್ರೂಡ್ ಮೇಡಂ ಬಂದಿದ್ದರು. ಕಾರ್ಕಳದ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದಾಗ ಅಜ್ಜ ಅದೇ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಮೇಡಂ ಅಕ್ಷಿತಾಳ ಕೈ ಹಿಡಿದು ಕೂತರು.

"ನಿಮ್ಮ ಅಪ್ಪನಿಗೆ ಮಕ್ಕಳ ರೆಕಾರ್ಡ್ ತೋರಿಸಿದ್ರೆ ಸಾಕಿತ್ತು. ಯಾವ ರೀಡಿಂಗ್ ಮಾಡಿದ್ದು, ಯಾವುದು ಮನೆಯಲ್ಲಿ ಕೂತು ಬರೆದದ್ದು, ಕೂಡಲೇ ಗೊತ್ತಾಗ್ತಿತ್ತು. ‘ಇದು ಬಹಳ ಚಂದ ಬಂದಿದೆ ಮೇಡಂ’ ಅಂತ ಹೇಳಿದ್ರೆ ಮುಗೀತು, ಅದು ಸುಳ್ಳು ಅಂತ ಅರ್ಥ."

"ಮತ್ತೆ ನೀವು ಬಯ್ತಿದ್ರಾ?"

"ಬಯ್ಲಿಕ್ಕೆ ಹೆಸರು ಹೇಳ್ಬೇಕಲ್ಲ? ಯಾರದ್ದೆಂದು ಹೇಳುವ ಜನ ಅಲ್ಲ ಅಣ್ಣು ಪೂಜಾರಿ. ಸಂಜೆ ಆ ಮಕ್ಕಳ ಪೆಂಡುಲಮ್ಮನ್ನು ಬಿಚ್ಚದೆ ಹಾಗೇ ಬಿಡ್ತಿದ್ರು. ಲ್ಯಾಬಿಗೆ ಬೀಗ ಹಾಕದೆ ಬಾಗಿಲಲ್ಲಿ ಕೂತುಕೊಳ್ತಿದ್ರು. ಕೆಲವರು ಬಂದು ಪುನಃ ಮಾಡ್ತಿದ್ರು, ಕೆಲವರು ಬರ್ತಿರ್ಲಿಲ್ಲ."

ಕಂಬಕ್ಕೊರಗಿ ನಿಂತಿದ್ದ ಮೋಕ್ಷಾ ಅಮ್ಮನ ಹತ್ತಿರ ಹೋದಳು.

"ಅಮ್ಮಾ, ಒಂದು ಮಾತು."

"ಈಗ ಬೇಡ ಮಗಾ."

"ಅಜ್ಜನ ವಿಷಯ."

"ಈಗ ಬೇಡ ಅಂದೆನಲ್ಲ?"

ಅಷ್ಟರಲ್ಲಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಲೆಕ್ಕ ಹಾಕಲು ಸುಂದರ ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ತಂದ. ಹದಿಮೂರು ದಿನ ಎಣಿಸಹೊರಟವನ ಬೆರಳು ನಿನ್ನೆಯ ಚೌಕದಲ್ಲೇ ನಿಂತಿತು. ಅಲ್ಲಿಯವರೆಗಿನ ಹದಿನೆಂಟು ಚೌಕಗಳ ಮೂಲೆಯಲ್ಲಿ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಒಂದೊಂದು ಅಂಕೆ.

"ಮುನ್ನೂರ ಎಂಬತ್ತು... ಎಂಬತ್ತೊಂದು... ಎಂತ ಇದು?" ಅವನ ಮುಖ ಬಿಳುಚಿತು. "ಶುಗರು!"

"ಎಂತ ಶುಗರು?" ಎಂದಳು ಅಕ್ಷಿತಾ.

"ನೋಡು! ದಿನಾ ಬರೆದಿಟ್ಟಿದ್ದಾರೆ. ನಿನ್ನೆ ಮುನ್ನೂರ ಎಂಬತ್ತೊಂಬತ್ತು! ಅಮ್ಮಾ, ಅಪ್ಪನಿಗೆ ಇಷ್ಟು ಶುಗರ್ ಇದ್ದದ್ದು ನಿಮಗೆ ಗೊತ್ತುಂಟಾ?"

ಹೆಣದ ತಲೆಯ ಬಳಿ ಕೂತಿದ್ದ ಮನೋರಮಾ ಅಜ್ಜಿ ತಲೆ ಎತ್ತಿದರು. "ಅವರಿಗೆ ಎಂತ ಶುಗರು? ನಿನ್ನೆ ಸಹ ಎರಡು ಬನ್ಸ್ ತಿಂದ್ರು."

"ಬನ್ಸ್ ಕೊಟ್ರಾ? ಇಷ್ಟು ಶುಗರಿಗೆ ಬನ್ಸ್ ಕೊಟ್ರಾ? ಒಂದು ಫೋನ್ ಮಾಡಿದ್ರೆ ಕಾರ್ ತಂದು ಮಣಿಪಾಲಕ್ಕೆ ಕರ್ಕೊಂಡು ಹೋಗ್ತಿದ್ದೆ. ಅಡುಗೆಮನೆಯ ಗೋಡೆಯಲ್ಲೇ ಉಂಟು, ನೀವು ನೋಡ್ಲಿಲ್ವಾ?"

"ನಾನು ಹಾಲಿನದ್ದು ಅಂತ ಎಣಿಸಿದ್ದೆ," ಎಂದು ಅಜ್ಜಿ ಸಣ್ಣ ದನಿಯಲ್ಲಿ ಹೇಳಿದರು. ನಿನ್ನೆಯಿಂದ ಅಳದಿದ್ದವರ ಗಲ್ಲ ನಡುಗತೊಡಗಿತು.

"ಅದು ಶುಗರ್ ಅಲ್ಲ," ಎಂದಳು ಮೋಕ್ಷಾ. ಯಾರೂ ಕೇಳಲಿಲ್ಲ. "ಮಾವ, ಅದು ಶುಗರ್ ಅಲ್ಲ! ಬಾವಿ!"

"ಪುನಃ ಬಾವಿಯಾ?"

ಅವಳು ಒಳಗೆ ಓಡಿ ತನ್ನ ಪುಸ್ತಕ ತಂದಳು. ಸುಂದರ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಮೊದಲ ಆರು ಅಂಕೆ ಹೊಂದಿದವು. ಏಳನೆಯದು ಹೊಂದಲಿಲ್ಲ. ಇವಳದ್ದು ಎಂಬತ್ತೆರಡು, ಕ್ಯಾಲೆಂಡರಿನಲ್ಲಿ ಎಂಬತ್ತು.

"ಎಲ್ಲಿ ಹೊಂದ್ತದೆ? ಅಜ್ಜಿಯನ್ನು ಉಳಿಸ್ಲಿಕ್ಕೆ ಕತೆ ಕಟ್ಬೇಡ."

ಜಗಲಿಯ ಜನರೆಲ್ಲ ಅವಳನ್ನೇ ನೋಡುತ್ತಿದ್ದರು. ಜೆರ್ಟ್ರೂಡ್ ಮೇಡಂ ಕನ್ನಡಕ ಹಾಕಿಕೊಂಡು ಪುಸ್ತಕದತ್ತ ಬಾಗಿದರು. ದಿನಕ್ಕೊಂದು, ದಿನಕ್ಕೊಂದು. ಅವರು ಕನ್ನಡಕ ತೆಗೆದರು.

"ನನ್ನದು ಸುಳ್ಳು," ಎಂದಳು ಮೋಕ್ಷಾ. "ಹನ್ನೆರಡು ದಿನ ನಾನು ಅಳೀಲೇ ಇಲ್ಲ. ಮಲಗಿದ್ದೆ. ಸುಮ್ಮನೆ ಬರೆದೆ. ಅಜ್ಜನದ್ದು ಸರಿ."

ಅಂಗಳದ ತುದಿಯಲ್ಲಿ ನಿಂತಿದ್ದ ನೆರೆಮನೆಯ ಕುಂಞಿ ಮೊಹಮ್ಮದ್ ಒಂದು ಹೆಜ್ಜೆ ಮುಂದೆ ಬಂದರು.

"ಮಗು ಹೇಳಿದ್ದು ಹೌದು ಸುಂದರಣ್ಣ. ನಮ್ಮ ಬಾವಿ, ನಿಮ್ಮ ಬಾವಿ ನಡುವೆ ಹತ್ತು ಮಾರು. ನಾನು ಎಳೆದ್ರೆ ಇಲ್ಲಿ ಇಳೀತದೆ. ‘ಪುಳ್ಳಿ ಮೋಕ್ಷಾ ಆರು ಗಂಟೆಗೆ ಅಳೀತಾಳೆ, ಅದರ ಮೊದಲು ಪಂಪ್ ಹಾಕ್ಬೇಡಿ ಕುಂಞಾಕ’ ಅಂತ ಹೇಳಿದ್ರು. ತೋಟಕ್ಕೆ ನೀರು ಬಿಡುವುದನ್ನೇ ನಾನು ಏಳು ಗಂಟೆಗೆ ಮಾಡಿದ್ದೇನೆ. ಮನೆಯಲ್ಲಿ ನಮ್ಮ ಸಾರಮ್ಮ ಬಯ್ದದ್ದು ಬಯ್ದದ್ದೇ. ದಿನಾ ಅಣ್ಣು ಅಣ್ಣ ಟೇಪ್ ಹಿಡ್ಕೊಂಡು ನಿಲ್ಲುವುದು ಕಾಣ್ತಿತ್ತು. ಆರೂ ಕಾಲಿನವರೆಗೆ ಕಾದು ಕಾದು, ಮತ್ತೆ ಅವರೇ ಇಳಿಸ್ತಿದ್ರು. ‘ಮಗು ಎಲ್ಲಿ?’ ಅಂತ ಕೇಳಿದ್ರೆ ‘ಬರ್ತಾಳೆ’ ಅಂತಿದ್ರು."

ಸುಂದರ ಕ್ಯಾಲೆಂಡರನ್ನು ಕೆಳಗಿಟ್ಟ. ತಾಯಿಯ ಹತ್ತಿರ ಹೋಗಿ ನೆಲದಲ್ಲಿ ಕೂತುಕೊಂಡ. ಅಜ್ಜಿ ಅವನ ತೋಳಿಗೆ ಒಂದು ಏಟು ಕೊಟ್ಟು, ಆ ತೋಳನ್ನೇ ಹಿಡಿದುಕೊಂಡು ಅತ್ತರು.

*

ಹನ್ನೊಂದಕ್ಕೆ ಹೆಣ ಎತ್ತಿದರು. ಮನೆಯಲ್ಲಿ ಉಳಿದ ಹೆಂಗಸರು ಮಿಂದರು. ಎರಡು ಗಂಟೆಗೆ ಸ್ಮಶಾನದಿಂದ ಮರಳಿದ ಗಂಡಸರು ಒಬ್ಬೊಬ್ಬರಾಗಿ ಬಾವಿಕಟ್ಟೆಯಲ್ಲಿ ಮಿಂದರು. ಪಂಪು ಬಿಸಿಯಾಗಿ ಎರಡು ಸಲ ನಿಂತಿತು. ಮೋಕ್ಷಾ ಒದ್ದೆ ಕೂದಲಲ್ಲೇ ಜಗಲಿಯಲ್ಲಿ ಕೂತು ಕ್ಯಾಲೆಂಡರ್ ನೋಡುತ್ತಿದ್ದಳು. ಹುಣ್ಣಿಮೆಯ ಚೌಕದ ಹತ್ತಿರ ಎಂಬತ್ತೆರಡು. ಅಲ್ಲಿಂದ ನೀರು ಏರಿ ಏರಿ ಅಷ್ಟಮಿಯ ಸುತ್ತ ಎಪ್ಪತ್ತೆಂಟು. ಪುನಃ ಇಳಿದು ಅಮಾವಾಸ್ಯೆಗೆ ಎಂಬತ್ತೆಂಟು.

"ಕುಂಞಾಕ, ಅಮಾವಾಸ್ಯೆ ದಿನ ಬೆಳಿಗ್ಗೆ ಕಡಲು ಹೇಗಿರ್ತದೆ?" ಎಂದು ಅಂಗಳದಲ್ಲಿದ್ದ ನೆರೆಯವರನ್ನು ಕೇಳಿದಳು.

"ಅಮಾವಾಸ್ಯೆ, ಹುಣ್ಣಿಮೆಗೆ ಬೆಳಿಗ್ಗೆ ದೂರ ಇಳಿದಿರ್ತದೆ. ಅಷ್ಟಮಿಗೆ ಆ ಹೊತ್ತಿಗೆ ಏರಿರ್ತದೆ. ಯಾಕೆ ಮಗಾ?"

ಕಡಲು ಇಲ್ಲಿಂದ ಕೂಗಳತೆಯಲ್ಲಿತ್ತು. ನಡುವೆ ಬರೀ ಹೊಯಿಗೆ; ಆ ಮರಳಿನಡಿಯಲ್ಲಿ ಕಡಲಿನ ಜೊತೆ ಬಾವಿಯೂ ಏರಿ ಇಳಿಯುತ್ತಿತ್ತು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಐದನೆಯ ದಿನವೇ ಅದು ಟೇಪಿನಲ್ಲಿ ಕಂಡಿತ್ತು. ಒಂದು ಮಾತು ಹೇಳಬಹುದಿತ್ತಲ್ಲ, ಅಜ್ಜ? ಒಂದೇ ಒಂದು ಮಾತು.

ಐದೂ ಇಪ್ಪತ್ತಕ್ಕೆ ಕೊನೆಯ ನೆಂಟರ ಕಾರು ಹೋಯಿತು. ಅವಳು ಸೀಮೆಸುಣ್ಣ ಉಜ್ಜಿ, ನಾನೂರರ ಗೆರೆಯನ್ನು ಬಾಣಕ್ಕೆ ಹಿಡಿದು ಟೇಪು ಇಳಿಸಿದಳು. ಮೇಲೆ ತೆಗೆದರೆ ನಟ್ಟು ಸಹ ಒದ್ದೆಯಾಗಿರಲಿಲ್ಲ. ನಾನೂರ ಐವತ್ತಕ್ಕೆ ಹಿಡಿದಳು. ಹತ್ತೊಂಬತ್ತರವರೆಗೆ ಒದ್ದೆ. ಕ್ಯಾಲೆಂಡರಿನ ಇವತ್ತಿನ ಚೌಕದಲ್ಲಿ 431 ಎಂದು ಬರೆದು, ಪಕ್ಕದಲ್ಲಿ "ಸಂಜೆ. ಪಂಪ್ ಓಡಿದೆ" ಎಂದು ಸೇರಿಸಿದಳು.

ಎರಡನೆಯ ಸಲ ಇಳಿಸಿದಳು. 430. ಹೊಂದಲಿಲ್ಲ.

ಮೂರನೆಯ ಸಲ 429 ಮತ್ತು ಅರ್ಧ. ಬಾವಿ ತುಂಬಿಕೊಳ್ಳುತ್ತಿತ್ತು.

"ಮೋಕ್ಷಾ, ಚಾ ತಣೀತದೆ," ಎಂದು ಒಳಗಿಂದ ಅಜ್ಜಿ ಕರೆದರು.

"ಬಂದೆ," ಎಂದಳು. ಒದ್ದೆ ಟೇಪನ್ನು ಲಂಗದ ಅಂಚಿಗೆ ಒರೆಸಿ, ಬೆರಳುಗುರಿನಷ್ಟು ಉಳಿದಿದ್ದ ಸೀಮೆಸುಣ್ಣವನ್ನು ಪುನಃ ಉಜ್ಜತೊಡಗಿದಳು.