ವರ ಹಳಬ, ಬೋರ್ಡು ಹೊಸದು

ಚೆನ್ನೈನ ಅಣ್ಣಾ ನಗರದ 'ಶುಭಲಗ್ನ ವಧೂವರ ಕೇಂದ್ರ'ದ ಸಿದ್ಧಲಿಂಗೇಶನಿಗೆ ಎರಡೂ ಕಡೆಯವರನ್ನು ಹೊಗಳುವ ವಿದ್ಯೆ ಚೆನ್ನಾಗಿ ಒಲಿದಿತ್ತು. ವಿಚಾರಿಸುವ ವಿದ್ಯೆ ಒಲಿದಿರಲಿಲ್ಲ. ಏಕಾಂತಪ್ಪ ತನ್ನ ಮಗ ಪ್ರಭುದೇವನನ್ನು ಅಪ್ಪಟ ಬ್ರಹ್ಮಚಾರಿ ಎಂದ, ಇವನು ನಂಬಿದ. ಜ್ಯೋತಿ ಎಂಬ ಹುಡುಗಿಯ ಜೊತೆ ನಿಶ್ಚಿತಾರ್ಥವೂ ಆಯಿತು. ಆಮೇಲೆ ವರನಿಗೆ ಆಗಲೇ ಒಬ್ಬ ಹೆಂಡತಿ ಇದ್ದಾಳೆ, ವಿಚ್ಛೇದನದ ಕೇಸು ಇನ್ನೂ ಕೋರ್ಟಿನಲ್ಲಿದೆ ಎಂಬುದು ಬಯಲಾಯಿತು, ನಿಶ್ಚಯ ಮುರಿಯಿತು.

ಚೆನ್ನೈನಲ್ಲಿರುವ ನಮ್ಮ ಕನ್ನಡದವರೆಲ್ಲ ಒಂದೇ ವಾಟ್ಸಾಪ್ ಗ್ರೂಪಿನಲ್ಲಿ ಹಿಡಿಯುವಷ್ಟೇ ಜನ. ಸಂಜೆಯೊಳಗೆ ಸುದ್ದಿ ಎಲ್ಲರಿಗೂ ಮುಟ್ಟಿತು. ಕೇಂದ್ರಕ್ಕೆ ಜಾತಕ ಬರುವುದೇ ನಿಂತುಹೋಯಿತು.

"ಜ್ಯೋತಿ ಮನೀಗೆ ಹೋಗಿ ತಪ್ಪಾತು ಅನ್ರಿ," ಎಂದಳು ಹೆಂಡತಿ ಉಮಾಮಹೇಶ್ವರಿ. "ಇನ್ಮ್ಯಾಲೆ ಪ್ರತಿ ಹುಡುಗನ ಊರಿಗೆ ಹೋಗಿ ವಿಚಾರಿಸೂಣು. ಹೆಂಡ್ತಿ ಬಿಟ್ಟವ್ರಿದ್ರ ಕೋರ್ಟಿನ ಕಾಗದ ಕೇಳೂಣು."

"ಹಂಗ ಹೆಸರು ರಿಪೇರಿ ಆಗಬೇಕಂದ್ರ ವರ್ಷಗಟ್ಟಲೆ ಬೇಕು. ಬೋರ್ಡ್ ಬದಲಾಯಿಸಾಕ ಒಂದು ದಿನ ಸಾಕು."

"ಬೋರ್ಡಿನ ಕೆಳಗ ಕೂಡೋರು ನೀವ ಅಲ್ಲೇನ್ರಿ?"

ಅವನು ಕೇಳಲಿಲ್ಲ. ಕುಣಿಯಲಾರದವನಿಗೆ ಯಾವಾಗಲೂ ನೆಲವೇ ಡೊಂಕು. ನಗರದ ಇನ್ನೊಂದು ಮೂಲೆಯ ಕ್ರೋಂಪೇಟೆಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದ, 'ನವಬಂಧನ' ಎಂದು ಬೋರ್ಡು ಹಾಕಿದ, ಹೊಸ ನಂಬರು ತೆಗೆದುಕೊಂಡ, ಜಾಹೀರಾತು ಕೊಟ್ಟ. ಪೂಜೆ ಮಾಡಿಸಿ ಗಿರಾಕಿಯ ದಾರಿ ಕಾದ.

ಮೊದಲ ಗಿರಾಕಿ ಒಳಗೆ ಬಂದ. ಏಕಾಂತಪ್ಪ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನಾಚಿಕೊಂಡವನು ಸಿದ್ಧಲಿಂಗೇಶನೊಬ್ಬನೇ. ಮೂರು ಬಿಟ್ಟವರು ಊರಿಗೇ ದೊಡ್ಡವರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಓ, ನೀವೇನ್ರಿ? ಪರವಾಯಿಲ್ಲ," ಎಂದು ಏಕಾಂತಪ್ಪ ಕುರ್ಚಿ ಎಳೆದುಕೊಂಡು ಮಗನ ಬಯೋಡೇಟಾ ಮುಂದಿಟ್ಟ. ಫೋಟೋ ಅದೇ. ಹೆಸರು ಮಾತ್ರ ಮೋಹನ್. "ಯಾರಿಗೂ ಗೊತ್ತಿಲ್ಲದ ಹೊಸ ಕೇಂದ್ರ ಅಂತ ಹುಡುಕ್ಕೊಂಡು ಬಂದೆ. ನೀವೂ ಹೊಸಬ್ರು, ನಾವೂ ಹೊಸಬ್ರು. ನಿಮ್ಮ ಹೆಸರು ಯಾಕ ಬದಲಾತು ಅಂತ ನಾ ಕೇಳಂಗಿಲ್ಲ, ನಮ್ಮದ್ಯಾಕ ಅಂತ ನೀವು ಕೇಳಬ್ಯಾಡ್ರಿ."

ಆ ಸ್ನೇಹದ ದನಿ ಕೇಳಿ ಸಿದ್ಧಲಿಂಗೇಶನಿಗೆ ಮೈಯೆಲ್ಲ ಉರಿಯಿತು. ಬಯೋಡೇಟಾವನ್ನು ಹಿಂದಕ್ಕೆ ತಳ್ಳಿ, ಅವನನ್ನು ಬಾಗಿಲಾಚೆ ಕಳಿಸಿ, ನೇರ ಜ್ಯೋತಿಯ ಮನೆಗೆ ಹೋದ.

ಬಾಗಿಲು ತೆರೆದವಳು ಅವಳೇ. ಒಳಗೆ ಬನ್ನಿ ಎನ್ನಲಿಲ್ಲ.

"ತಪ್ಪು ನಂದವ್ವಾ. ನಾ ವಿಚಾರಿಸಲಿಲ್ಲ," ಎಂದ. "ಹೆಸರು ಕೆಟ್ಟಿತು ಅಂತ ಬೋರ್ಡ್ ಬದಲಾಯಿಸಿದ್ದೆ. ಅದೂ ತಪ್ಪಾತು."

ಜ್ಯೋತಿ ಹೊಸ್ತಿಲು ದಾಟಿ ಹೊರಗೆ ಬಂದಳು.

"ನಿಶ್ಚಯ ಮುರಿದ ಹುಡುಗಿ ಅಂತ ನನಗೂ ಒಂದು ಹೆಸರು ಬಂದೈತ್ರಿ ಅಂಕಲ್. ನಾ ಎಲ್ಲಿ ಬೋರ್ಡ್ ಬದಲಾಯಿಸ್ಲಿ?"

ಅವನು ಮೆಟ್ಟಿಲ ಮೇಲೆ ಕೂತು, ಹಳೆಯ ನಂಬರಿನಿಂದ ಅದೇ ಗ್ರೂಪಿಗೆ ಬರೆದ: ಜ್ಯೋತಿಯದು ಏನೂ ತಪ್ಪಿಲ್ಲ, ತಪ್ಪು ನನ್ನದು. ಸಿದ್ಧಲಿಂಗೇಶ, ಶುಭಲಗ್ನ ವಧೂವರ ಕೇಂದ್ರ.