ಮೂರು ಚುಕ್ಕಿಗಳ ಜಾಗ

ಹುಬ್ಬಳ್ಳಿಯ ಶಾಲೆಯೊಂದರ ಹತ್ತನೇ ತರಗತಿಯಲ್ಲಿ ಸುಕನ್ಯಾ ಟೀಚರಿಗೆ ಪಾಠದ ಹುರುಪಿನಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತಾವೇ ಸಿದ್ಧಪಡಿಸಿ ಹಂಚಿದ ಇತಿಹಾಸದ ಹಾಳೆಯಲ್ಲಿ ಬ್ರಿಟಿಷ್ ಕಲೆಕ್ಟರನೊಬ್ಬನ ಪತ್ರವಿತ್ತು: 'ಇಲ್ಲಿಯ ರೈತರು ಸೋಮಾರಿಗಳು... ಕಂದಾಯ ಏರಿಸಬಹುದು.'

"ಯಾರು, ಯಾರಿಗೆ, ಯಾಕ ಬರದಾರ? ಏನು ಬಿಟ್ಟಾರ? ಲಗೂ ಹೇಳ್ರಿ."

ಯಶೋಧರಾ ಎದ್ದಳು. "ಮ್ಯಾಲಿನ ಸಾಹೇಬರಿಗೆ ಬರದಾನ್ರಿ. ಕಂದಾಯ ಏರಸಬೇಕಂದ್ರ ರೈತರನ್ನ ಸೋಮಾರಿ ಅನ್ನಲೇಬೇಕಲ್ರಿ."

"ಶಾಬಾಸ್! ಕುಂಡ್ರು."

ಅವಳು ಕೂಡಲಿಲ್ಲ. "ನಡುವ ಮೂರು ಚುಕ್ಕಿ ಅದಾವಲ್ರಿ ಟೀಚರ್, ಅಲ್ಲಿ ಏನಿತ್ರಿ?"

ಮೂಲ ಪತ್ರದ ಆ ಜಾಗದಲ್ಲಿ, ಊರ ಗೌಡರು ಹೊಲಗೇರಿಯವರಿಗೆ ಕೆರೆಯ ನೀರು ಮುಟ್ಟಗೊಡುವುದಿಲ್ಲ ಎಂದಿತ್ತು. ತರಗತಿಯಲ್ಲಿ ಗದ್ದಲವಾದೀತೆಂದು ಸುಕನ್ಯಾ ಆ ಸಾಲನ್ನೇ ತೆಗೆದಿದ್ದರು. ಕೈಯಲ್ಲಿನ ಸೀಮೆಸುಣ್ಣ ಪಟಕ್ಕನೆ ಮುರಿಯಿತು.

"ಅದು ಈ ಪ್ರಶ್ನೆಗೆ ಬೇಕಾಗಿಲ್ಲ ಬಿಡವ್ವಾ."

"ಹೌದ್ರಿ? ಬ್ಯಾಡಂತ ತಗದವರು ಯಾರ್ರಿ? ಯಾಕ ತಗದ್ರು?"